ಯಂತ್ರ ಕೊಳ್ಳುವುದೋ, ಹೊರಗೆ ಪ್ಯಾಕ್ ಮಾಡಿಸುವುದೋ

ಬ್ಯಾಡಗಿ ಮೆಣಸಿನಕಾಯಿ, ಧನಿಯಾ, ಜೀರಿಗೆ ತಂದು ಹುರಿದು ಪುಡಿ ಮಾಡಿ ಸಾಂಬಾರ್ ಪುಡಿ, ಖಾರದ ಪುಡಿ, ಶೇಂಗಾ ಚಟ್ನಿ ಪುಡಿ ಮಾರುವ ಸಣ್ಣ ಉದ್ಯಮಗಳು ನಮ್ಮ ಊರೂರಲ್ಲಿ ಇವೆ. ಇವುಗಳಲ್ಲಿ ಹೆಚ್ಚಿನವು ಮೊದಲು ಕೈಯಿಂದಲೇ ಪ್ಯಾಕ್ ಮಾಡುತ್ತವೆ. ಚಮಚದಲ್ಲಿ ತುಂಬಿ, ತಕ್ಕಡಿಯ ಮೇಲಿಟ್ಟು, ಹ್ಯಾಂಡ್ ಸೀಲರ್‌ನಲ್ಲಿ ಬಾಯಿ ಮುಚ್ಚುವ ಕೆಲಸ ಅದು. ಇಬ್ಬರು ಕೂತು ದಿನವಿಡೀ ತುಂಬಿದರೂ ನೂರು ಗ್ರಾಂನ ಸಾವಿರ ಪ್ಯಾಕೆಟ್ ದಾಟುವುದು ಕಷ್ಟ. ಪಕ್ಕದ ಜಿಲ್ಲೆಯ ಡೀಲರ್ ಒಬ್ಬ ಒಪ್ಪಿಕೊಂಡು ಆರ್ಡರ್ ಹೆಚ್ಚಾಯಿತೆಂದರೆ ಗಿರಣಿಯಿಂದ ಬಂದ ಪುಡಿ ಪ್ಯಾಕಿಂಗ್ ಕೋಣೆಯಲ್ಲೇ ನಿಂತುಬಿಡುತ್ತದೆ. ಆಗ ಮನೆಯಲ್ಲಿ, ಬ್ಯಾಂಕಿನಲ್ಲಿ, ಆಡಿಟರ್ ಮುಂದೆ ಏಳುವ ಪ್ರಶ್ನೆ ಒಂದೇ. ಪ್ಯಾಕಿಂಗ್ ಮಷಿನ್ ಹಾಕಬೇಕೋ, ಅಥವಾ ಮಷಿನ್ ಇರುವ ಇನ್ನೊಂದು ಘಟಕಕ್ಕೆ ಪುಡಿ ಕಳಿಸಿ ಜಾಬ್‌ವರ್ಕ್ ಮೇಲೆ ಪ್ಯಾಕ್ ಮಾಡಿಸಬೇಕೋ?

ಹೆಚ್ಚಿನವರು ಎರಡೇ ಅಂಕಿ ಹೋಲಿಸಿ ಇದನ್ನು ತೀರ್ಮಾನಿಸುತ್ತಾರೆ. ಹೊರಗಿನ ಘಟಕ ಪ್ಯಾಕೆಟ್ಟಿಗೆ ಇಷ್ಟು ಕೇಳುತ್ತದೆ, ಮಷಿನ್‌ನ ತಿಂಗಳ ಕಂತು ಇಷ್ಟು. ಕಂತು ಕಡಿಮೆ ಕಂಡರೆ ಮಷಿನ್. ಲೆಕ್ಕ ಇಲ್ಲಿಗೇ ನಿಂತರೆ ತಪ್ಪು ನಿರ್ಧಾರ ಖಂಡಿತ. ಮಷಿನ್‌ನ ಬೆಲೆಗಿಂತ ದೊಡ್ಡ ಮೂರು ಸಂಗತಿಗಳು ಆ ಹೋಲಿಕೆಯಿಂದ ಹೊರಗೇ ಉಳಿಯುತ್ತವೆ: ಮಷಿನ್ ತಿಂಗಳಲ್ಲಿ ನಿಜವಾಗಿ ಎಷ್ಟು ಗಂಟೆ ಓಡುತ್ತದೆ, ಅದನ್ನು ನೋಡಿಕೊಳ್ಳುವವರ ಸಂಬಳ ಎಷ್ಟು, ಪ್ರತಿ ಪ್ಯಾಕೆಟ್ಟಿನಲ್ಲಿ ಹೆಚ್ಚಾಗಿ ಹೋಗುವ ಪುಡಿ ಎಷ್ಟು. ಒಂದು ಉದಾಹರಣೆ ಹಿಡಿದು ಇವನ್ನು ಪೂರ್ತಿ ನೋಡೋಣ.

ಮೊದಲು ಯಂತ್ರದ ಪರಿಚಯ. ಪುಡಿ ತುಂಬಲು ಸಣ್ಣ ಉದ್ಯಮಗಳು ಕೊಳ್ಳುವುದು ನಿಂತ ಮಾದರಿಯ ಆಟೊಮ್ಯಾಟಿಕ್ ಯಂತ್ರ. ಮುದ್ರಿಸಿದ ಫಿಲ್ಮ್‌ನ ರೋಲ್ ಹಿಂದಿನಿಂದ ಬಿಚ್ಚಿಕೊಂಡು ಬಂದು, ಕಾಲರ್ ಎಂಬ ಬಾಗಿದ ತಗಡಿನ ಮೇಲೆ ಹಾದು, ಒಂದು ಕೊಳವೆಯ ಸುತ್ತ ಸುತ್ತಿಕೊಳ್ಳುತ್ತದೆ. ಬಿಸಿ ಪಟ್ಟಿಯೊಂದು ಅದರ ಬೆನ್ನನ್ನು ಉದ್ದಕ್ಕೆ ಅಂಟಿಸುತ್ತದೆ. ಕೆಳಗೆ ಎರಡು ಬಿಸಿ ದವಡೆಗಳು ಅಡ್ಡಲಾಗಿ ಒತ್ತಿ ಒಂದು ಪ್ಯಾಕೆಟ್ಟಿನ ತಲೆಯನ್ನೂ ಮುಂದಿನದರ ಬುಡವನ್ನೂ ಒಟ್ಟಿಗೆ ಮುಚ್ಚುತ್ತವೆ, ಮಧ್ಯದ ಬ್ಲೇಡ್ ಕತ್ತರಿಸುತ್ತದೆ. ಮೇಲಿನ ಹಾಪರ್‌ನಲ್ಲಿರುವ ಪುಡಿಯನ್ನು ಆಗರ್ ಎಂಬ ತಿರುಪಿನ ಸಲಾಕೆ ಇಂತಿಷ್ಟು ಸುತ್ತು ತಿರುಗಿ ಕೊಳವೆಯೊಳಗೆ ಬೀಳಿಸುತ್ತದೆ. ಫಿಲ್ಮ್ ಅಂಚಿನಲ್ಲಿ ಮುದ್ರಿಸಿದ ಕಪ್ಪು ಗುರುತನ್ನು ಒಂದು ಸೆನ್ಸರ್ ಓದಿ, ಪ್ರತಿ ಪ್ಯಾಕೆಟ್ಟಿನಲ್ಲೂ ಚಿತ್ರ ಸರಿಯಾದ ಜಾಗದಲ್ಲಿ ಬರುವಂತೆ ನೋಡಿಕೊಳ್ಳುತ್ತದೆ.

ಗಮನಿಸಬೇಕಾದದ್ದು, ಆಗರ್ ಪುಡಿಯನ್ನು ತೂಗುವುದಿಲ್ಲ. ಅದು ಅಳೆಯುತ್ತದೆ ಅಷ್ಟೆ. ಸುತ್ತು ಎಷ್ಟೋ ಅಷ್ಟು ಗಾತ್ರದ ಪುಡಿ ಬೀಳುತ್ತದೆ, ಆ ಗಾತ್ರದಲ್ಲಿ ಎಷ್ಟು ಗ್ರಾಂ ಇದೆ ಎನ್ನುವುದು ಪುಡಿಯ ಸ್ಥಿತಿಗೆ ಬಿಟ್ಟದ್ದು. ಈ ಸಂಗತಿಗೆ ಆಮೇಲೆ ಬರುತ್ತೇನೆ, ದುಡ್ಡು ಹೆಚ್ಚು ಸೋರುವುದು ಅಲ್ಲೇ.

ಈಗ ಉದಾಹರಣೆ. ಹಾವೇರಿ ಅಥವಾ ದಾವಣಗೆರೆ ಕಡೆಯ ಒಂದು ಘಟಕ ತಿಂಗಳಿಗೆ ನೂರು ಗ್ರಾಂನ 40,000 ಪ್ಯಾಕೆಟ್ ಮಸಾಲೆ ಪುಡಿ ಮಾರುತ್ತದೆ ಎಂದಿಟ್ಟುಕೊಳ್ಳಿ, ಅಂದರೆ ನಾಲ್ಕು ಟನ್. ಪ್ಯಾಕ್ ಆಗುವ ಮುಂಚೆ ಪುಡಿಯ ಅಸಲು ಕಿಲೋಗೆ 320 ರೂಪಾಯಿ. ಮುದ್ರಿತ ಫಿಲ್ಮನ್ನು ಎರಡೂ ದಾರಿಯಲ್ಲಿ ಉದ್ಯಮಿಯೇ ಕೊಡಿಸುವುದರಿಂದ ಅದರ ಖರ್ಚನ್ನು ಬದಿಗಿಡೋಣ. ಮುಂದಿನ ದರಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ಓದುವವರು ತಮಗೆ ಬಂದ ಕೊಟೇಶನ್‌ಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.

ಹೊರಗಿನ ಘಟಕ ಪ್ಯಾಕೆಟ್ಟಿಗೆ 1 ರೂಪಾಯಿ 60 ಪೈಸೆ ಕೇಳುತ್ತದೆ. ಪುಡಿ ಕಳಿಸಿ ಪ್ಯಾಕೆಟ್ ತರಿಸುವ ಸಾಗಣೆ 20 ಪೈಸೆ. ಒಟ್ಟು 1.80. ಪ್ಯಾಕ್ ಮಾಡಿಸದ ತಿಂಗಳು ಖರ್ಚೂ ಇಲ್ಲ.

ಸ್ವಂತ ಮಷಿನ್‌ಗೆ, ಆಗರ್, ದಿನಾಂಕ ಅಚ್ಚೊತ್ತುವ ಕೋಡರ್, ಏರ್ ಕಂಪ್ರೆಸರ್ ಸೇರಿ 7 ಲಕ್ಷ ರೂಪಾಯಿ. ವೈರಿಂಗ್, ಸ್ಟೆಬಿಲೈಸರ್, ಧೂಳು ಹೀರುವ ವ್ಯವಸ್ಥೆ, ಕೋಣೆಯ ರಿಪೇರಿಗೆ ಇನ್ನೊಂದು ಲಕ್ಷ. ಈ 8 ಲಕ್ಷವನ್ನು ಶೇ 11ರ ಬಡ್ಡಿಯಲ್ಲಿ ಐದು ವರ್ಷದ ಸಾಲವಾಗಿ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 17,400 ರೂಪಾಯಿ. ಆಪರೇಟರ್‌ಗೆ 22,000, ಪುಡಿ ಹಾಕಿ ಪೆಟ್ಟಿಗೆ ಕಟ್ಟುವ ಸಹಾಯಕಿಗೆ 16,000, ನಿರ್ವಹಣೆಗೆ 4,000, ಜಾಗದ ಬಾಡಿಗೆಯ ಪಾಲು 3,000. ಒಂದೇ ಒಂದು ಪ್ಯಾಕೆಟ್ ಬೀಳದಿದ್ದರೂ ತಿಂಗಳಿಗೆ ಖರ್ಚಾಗುವ ಹಣ 62,400 ರೂಪಾಯಿ. ಇದರ ಮೇಲೆ ಕರೆಂಟು, ಸವೆಯುವ ಸಣ್ಣ ಭಾಗಗಳು ಸೇರಿ ಪ್ಯಾಕೆಟ್ಟಿಗೆ 15 ಪೈಸೆ.

ತಿಂಗಳಿಗೆ 40,000 ಪ್ಯಾಕೆಟ್ಟಿನ ಮೇಲೆ ಹರಡಿದರೆ ಸ್ವಂತ ಮಷಿನ್‌ನಲ್ಲಿ ಪ್ಯಾಕೆಟ್ಟಿಗೆ 1.71 ರೂಪಾಯಿ ಬೀಳುತ್ತದೆ. ಹೊರಗಿನದು 1.80. ಹೆಚ್ಚುಕಡಿಮೆ ಸಮ. ಅದೇ ಮಷಿನ್‌ನಲ್ಲಿ 20,000 ಪ್ಯಾಕೆಟ್ ಮಾತ್ರ ತುಂಬಿದರೆ ಒಂದಕ್ಕೆ 3.27 ಆಗುತ್ತದೆ, 80,000 ತುಂಬಿದರೆ 93 ಪೈಸೆಗೆ ಇಳಿಯುತ್ತದೆ. ಎರಡೂ ದಾರಿ ಸರಿತೂಗುವ ಸಂಖ್ಯೆ ಕಂಡುಹಿಡಿಯುವುದು ಸುಲಭ. ಹೊರಗಿನ 1.80ರಲ್ಲಿ ನಮ್ಮ 15 ಪೈಸೆ ಕಳೆದರೆ ಪ್ಯಾಕೆಟ್ಟಿಗೆ 1.65 ಉಳಿತಾಯ. ತಿಂಗಳ ಸ್ಥಿರ ಖರ್ಚು 62,400ನ್ನು ಅದರಿಂದ ಭಾಗಿಸಿದರೆ ಸುಮಾರು 37,800. ಅದಕ್ಕಿಂತ ಕಡಿಮೆ ಮಾರುವವರಿಗೆ ಹೊರಗೆ ಮಾಡಿಸುವುದು ಅಗ್ಗ, ಹೆಚ್ಚು ಮಾರುವವರಿಗೆ ಸ್ವಂತದ್ದು ಅಗ್ಗ.

ಹಲವು ಯೋಜನಾ ವರದಿಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ಈ 37,800 ಸ್ಥಿರವಾಗಿ ನಿಲ್ಲುವ ಸಂಖ್ಯೆಯಲ್ಲ. ಅದನ್ನು ಅತ್ತಿತ್ತ ಎಳೆಯುವುದು ಯಾವುದೆಂದು ತಿಳಿಯದೆ ಸಹಿ ಹಾಕಬಾರದು.

ಮೊದಲನೆಯದು ವೇಗ. ಕ್ಯಾಟಲಾಗ್‌ನಲ್ಲಿ ನಿಮಿಷಕ್ಕೆ 40 ಪ್ಯಾಕೆಟ್ ಎಂದು ಬರೆದಿರುತ್ತಾರೆ. ನುಣ್ಣನೆಯ ಖಾರದ ಪುಡಿ ನೂರು ಗ್ರಾಂ ಬೀಳಲು ಸಮಯ ಬೇಕು, ಬಿದ್ದ ಮೇಲೆ ಧೂಳು ಕೂರಲು ಅರೆಕ್ಷಣ ಬೇಕು, ದಪ್ಪ ಲ್ಯಾಮಿನೇಟ್ ಫಿಲ್ಮ್ ಅಂಟಲು ದವಡೆ ಒತ್ತಿಕೊಂಡು ನಿಲ್ಲಬೇಕು. ಹಾಗಾಗಿ ನಿಮಿಷಕ್ಕೆ 25 ಬಂದರೆ ಒಳ್ಳೆಯ ವೇಗ. ಅದರಲ್ಲೂ ರೋಲ್ ಬದಲಿಸುವುದು, ಗುರುತು ಹೊಂದಿಸುವುದು, ತೂಕ ಸರಿಮಾಡುವುದು, ಅಂಟಿದ ಫಿಲ್ಮ್ ಬಿಡಿಸುವುದು ಎಂದು ಸಮಯದ ಶೇ 35ರಷ್ಟು ಹೋಗುತ್ತದೆ. ಉಳಿಯುವುದು ಗಂಟೆಗೆ 975 ಪ್ಯಾಕೆಟ್. ಇಷ್ಟಾದರೂ 40,000 ಪ್ಯಾಕೆಟ್ ತುಂಬಲು ತಿಂಗಳಿಗೆ 41 ಗಂಟೆ ಸಾಕು. ದಿನಕ್ಕೆ ಎಂಟು ಗಂಟೆಯಂತೆ 25 ದಿನ ಎಂದರೆ 200 ಗಂಟೆ. ಅಂದರೆ ಲೆಕ್ಕ ಸರಿತೂಗುವ ಮಟ್ಟದಲ್ಲಿಯೂ ಮಷಿನ್ ಐದು ದಿನಕ್ಕೊಮ್ಮೆ ಓಡಿದರೆ ಸಾಕು, ಉಳಿದ ನಾಲ್ಕು ದಿನ ಅದು ಸುಮ್ಮನೆ ನಿಂತಿರುತ್ತದೆ.

ಮಷಿನ್ ಸುಮ್ಮನಿದ್ದರೆ ಕಂತು ಕಟ್ಟಿ ಸುಮ್ಮನಿರಬಹುದು. ಆಪರೇಟರ್ ಸುಮ್ಮನಿದ್ದರೆ ಏನು ಮಾಡುವುದು? ಕಂತಿನ ಎರಡರಷ್ಟಕ್ಕಿಂತ ಹೆಚ್ಚು ಹೋಗುವುದು ಸಂಬಳಕ್ಕೆ. ಹಾಗಾಗಿ ಈ ಲೆಕ್ಕವನ್ನು ತಿರುಗಿಸುವ ನಿಜವಾದ ಕೀಲಿ ಇರುವುದು ಅಲ್ಲಿಯೇ. ಆಪರೇಟರ್ ಮತ್ತು ಸಹಾಯಕಿ ಅರ್ಧ ಸಮಯ ಹುರಿಯುವ, ಜರಡಿ ಹಿಡಿಯುವ, ಡಿಸ್ಪ್ಯಾಚ್ ಮಾಡುವ ಕೆಲಸದಲ್ಲಿ ನಿಜವಾಗಿ ಬೇಕಾಗಿದ್ದರೆ ಅವರ ಸಂಬಳದ ಅರ್ಧವನ್ನಷ್ಟೇ ಪ್ಯಾಕಿಂಗ್ ಲೆಕ್ಕಕ್ಕೆ ಹಾಕಬಹುದು. ಆಗ ಸ್ಥಿರ ಖರ್ಚು 43,400ಕ್ಕೆ ಇಳಿದು ಸರಿತೂಗುವ ಸಂಖ್ಯೆ ಸುಮಾರು 26,300 ಪ್ಯಾಕೆಟ್ಟಿಗೆ ಬರುತ್ತದೆ. ‘ನಿಜವಾಗಿ ಬೇಕಾಗಿದ್ದರೆ’ ಎಂಬುದನ್ನು ಒತ್ತಿ ಹೇಳುತ್ತೇನೆ. ಬೇರೆ ಕೆಲಸ ಕೊಡುತ್ತೇವೆ ಎಂದು ಕಾಗದದ ಮೇಲೆ ಬರೆದು, ಆ ಕೆಲಸಕ್ಕೆ ಈಗಾಗಲೇ ಜನ ಇದ್ದರೆ, ಉಳಿತಾಯ ಕಾಗದದಲ್ಲೇ ಉಳಿಯುತ್ತದೆ.

ಇದನ್ನು ಸಹಾಯಧನದ ಜೊತೆ ಹೋಲಿಸಿ ನೋಡಿ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ, ಪಿಎಂಎಫ್ಎಂಇ ಎಂದು ಬ್ಯಾಂಕಿನವರು ಕರೆಯುವುದು ಅದನ್ನೇ, ಶೇ 35ರ ಸಾಲ ಸಂಪರ್ಕಿತ ಸಹಾಯಧನವಿದೆ. ಕರ್ನಾಟಕ ಅದಕ್ಕೆ ತನ್ನ ಶೇ 15 ಸೇರಿಸಿದ್ದರಿಂದ ಇಲ್ಲಿ ಅದು ಶೇ 50 ಆಯಿತು, ಗರಿಷ್ಠ 15 ಲಕ್ಷ ರೂಪಾಯಿ. ರಾಜ್ಯದಲ್ಲಿ ಇದರ ನೋಡಲ್ ಸಂಸ್ಥೆ ಕೆಪೆಕ್. ಅರ್ಜಿ ಹಾಕುವ ಮುಂಚೆ ಯೋಜನೆಯ ಅವಧಿ, ಅನುದಾನದ ಸ್ಥಿತಿ ಅಲ್ಲಿಯೇ ಕೇಳಿಕೊಳ್ಳಬೇಕು. ಸಹಾಯಧನ ಸಿಕ್ಕಿತು, ಮಷಿನ್ ಅರ್ಧ ಬೆಲೆಗೆ ಬಂತು ಎಂದಿಟ್ಟುಕೊಳ್ಳೋಣ. ಕಂತಿನ ಭಾರ 17,400ರಿಂದ 8,700ಕ್ಕೆ ಇಳಿಯುತ್ತದೆ. ಸರಿತೂಗುವ ಸಂಖ್ಯೆ? 37,800ರಿಂದ ಸುಮಾರು 32,500ಕ್ಕೆ, ಅಷ್ಟೇ. ಅರ್ಧ ಬೆಲೆಗೆ ಮಷಿನ್ ಸಿಕ್ಕರೂ 20,000 ಪ್ಯಾಕೆಟ್ ಮಾರುವ ಘಟಕಕ್ಕೆ ಅದು ನಷ್ಟವೇ. ಮೇಲಾಗಿ ಈ ಸಹಾಯಧನ ಮೊದಲ ದಿನವೇ ಕೈಗೆ ಬರುವ ಹಣವಲ್ಲ. ಬ್ಯಾಂಕಿನಲ್ಲಿ ಸಾಲದ ಖಾತೆಯ ಎದುರು ಅದು ಮೂರು ವರ್ಷ ಇರುತ್ತದೆ, ಸಾಲ ಸರಿಯಾಗಿ ನಡೆದು ಘಟಕ ಚಾಲೂ ಇದ್ದರೆ ಹೊಂದಾಣಿಕೆಯಾಗುತ್ತದೆ. ಸಬ್ಸಿಡಿ ಇದೆ ಎಂಬ ಒಂದೇ ಕಾರಣಕ್ಕೆ ಮಷಿನ್ ತಂದು, ಎರಡನೇ ವರ್ಷಕ್ಕೆ ಆಪರೇಟರ್ ಸಂಬಳ ಕೊಡಲಾಗದೆ ಟಾರ್ಪಾಲ್ ಹೊದೆಸುವ ಸ್ಥಿತಿ ಯಾರಿಗೂ ಬರಬಾರದು. ಸಬ್ಸಿಡಿಯನ್ನು ಲೆಕ್ಕದ ಕೊನೆಯಲ್ಲಿ ಸೇರಿಸಿ ಎಂಬುದು ನನ್ನ ಕೋರಿಕೆ. ಅದಿಲ್ಲದೆಯೂ ನಿಲ್ಲುವ ಯೋಜನೆಗೆ ಅದು ಬಲ ಕೊಡುತ್ತದೆ, ನಿಲ್ಲದ ಯೋಜನೆಯನ್ನು ಅದು ನಿಲ್ಲಿಸಲಾರದು.

ತೆರಿಗೆಯ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪ್ಯಾಕಿಂಗ್ ಯಂತ್ರಕ್ಕೆ ಜಿಎಸ್‌ಟಿ ಶೇ 18, ಮಸಾಲೆ ಪುಡಿ ಮಾರುವಾಗ ಶೇ 5. ಏಳು ಲಕ್ಷದ ಮಷಿನ್ ಮೇಲೆ ಕಟ್ಟಿದ 1,26,000 ರೂಪಾಯಿ ಕ್ರೆಡಿಟ್ ಆಗಿ ಸಿಗುತ್ತದಾದರೂ ಅದು ಖರ್ಚಾಗಿ ಮುಗಿಯಲು ತಿಂಗಳುಗಳು ಬೇಕು. ತೆರಿಗೆ ದರ ತಲೆಕೆಳಗಾದಾಗ ಸಿಗುವ ರೀಫಂಡ್‌ನಲ್ಲಿ ಯಂತ್ರೋಪಕರಣದ ತೆರಿಗೆ ಸೇರುವುದಿಲ್ಲ. ಕಾಂಪೊಸಿಷನ್ ಸ್ಕೀಮ್‌ನಲ್ಲಿರುವವರಿಗೆ ಈ ಕ್ರೆಡಿಟ್ಟೇ ಇಲ್ಲ, ಅವರ ಮಷಿನ್‌ನ ಬೆಲೆ 8,26,000 ಎಂದೇ ಲೆಕ್ಕ ಹಿಡಿಯಬೇಕು.

ಈಗ ತೂಕದ ವಿಚಾರ. ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮಗಳು, 2011ರ ಪ್ರಕಾರ, ನೂರು ಗ್ರಾಂ ಎಂದು ಬರೆದ ಪ್ಯಾಕೆಟ್ಟಿನಲ್ಲಿ 4.5 ಗ್ರಾಂವರೆಗಿನ ವ್ಯತ್ಯಾಸಕ್ಕೆ ಅವಕಾಶವಿದೆ. ಆದರೆ ತಪಾಸಣೆಗೆ ಎತ್ತಿಕೊಂಡ ಪ್ಯಾಕೆಟ್ಟುಗಳ ಸರಾಸರಿ ನೂರಕ್ಕಿಂತ ಕಡಿಮೆ ಇರಬಾರದು. ಆಗರ್ ಗಾತ್ರವನ್ನಷ್ಟೇ ಅಳೆಯುತ್ತದೆ ಎಂದೆನಲ್ಲ. ಗಿರಣಿಯಿಂದ ಆಗಷ್ಟೇ ಬಂದ ಬಿಸಿ ಪುಡಿಯಲ್ಲಿ ಗಾಳಿ ತುಂಬಿರುತ್ತದೆ, ಅದೇ ಸುತ್ತಿಗೆ 96 ಗ್ರಾಂ ಬೀಳುತ್ತದೆ. ರಾತ್ರಿಯಿಡೀ ಆರಿ ಕೂತ ಪುಡಿ 103 ಬೀಳಬಹುದು. ಹಾಪರ್ ತುಂಬಿದ್ದಾಗ ಒತ್ತಡ ಹೆಚ್ಚು, ತಳ ಕಾಣುವಾಗ ಕಡಿಮೆ. ಈ ಏರಿಳಿತ ಕಂಡ ಆಪರೇಟರ್ ಏನು ಮಾಡುತ್ತಾನೆ? ಕಡಿಮೆ ಬಿದ್ದು ಬೈಸಿಕೊಳ್ಳುವುದು ಬೇಡವೆಂದು ಸುತ್ತನ್ನು ಒಂದಿಷ್ಟು ಹೆಚ್ಚು ಇಡುತ್ತಾನೆ. ಆಗ ಸರಾಸರಿ 102 ಗ್ರಾಂ ಹೋಗುತ್ತದೆ. ಎರಡು ಗ್ರಾಂ ಎಂದರೆ ಕಣ್ಣಿಗೂ ಕಾಣದಷ್ಟು. ತಿಂಗಳಿಗೆ 40,000 ಪ್ಯಾಕೆಟ್ಟಿನಲ್ಲಿ ಅದು 80 ಕಿಲೋ, ಅಸಲಿನ ದರದಲ್ಲಿ 25,600 ರೂಪಾಯಿ. ಮಷಿನ್‌ನ ಕಂತಿಗಿಂತ ಎಂಟು ಸಾವಿರ ಹೆಚ್ಚು.

ಹೊರಗಿನ ಘಟಕದಲ್ಲಿ ಈ ನಷ್ಟ ಇನ್ನೂ ಸುಲಭವಾಗಿ ಆಗುತ್ತದೆ, ಯಾರ ದುರುದ್ದೇಶವೂ ಬೇಕಿಲ್ಲ. ಅವರಿಗೆ ದುಡ್ಡು ಬರುವುದು ಪ್ಯಾಕೆಟ್ಟಿನ ಲೆಕ್ಕದಲ್ಲಿ, ಪುಡಿ ಮಾತ್ರ ನಿಮ್ಮದು. ತೂಕ ಹೊಂದಿಸಲು ಮಷಿನ್ ನಿಲ್ಲಿಸಿದರೆ ನಷ್ಟ ಅವರಿಗೆ, ನಿಲ್ಲಿಸದಿದ್ದರೆ ನಷ್ಟ ನಿಮಗೆ. ಸ್ವಂತ ಮಷಿನ್‌ನಲ್ಲಿ ಹೊರಗಿಗಿಂತ ಸರಾಸರಿ ಒಂದು ಗ್ರಾಂ ಬಿಗಿಯಾಗಿ ತುಂಬಬಲ್ಲಿರಾದರೆ ಪ್ಯಾಕೆಟ್ಟಿಗೆ 32 ಪೈಸೆ ಉಳಿದು, ಸರಿತೂಗುವ ಸಂಖ್ಯೆ 37,800ರಿಂದ ಸುಮಾರು 31,700ಕ್ಕೆ ಇಳಿಯುತ್ತದೆ. ಅನುಭವವಿಲ್ಲದ ಕೈಯಲ್ಲಿ ಒಂದು ಗ್ರಾಂ ಸಡಿಲವಾದರೆ 46,900ಕ್ಕೆ ಏರುತ್ತದೆ. ಅರ್ಧ ಬೆಲೆಯ ಸಹಾಯಧನ ಎಷ್ಟು ಬದಲಾವಣೆ ತಂದಿತೋ, ಒಂದು ಗ್ರಾಂ ಅದಕ್ಕಿಂತ ಹೆಚ್ಚು ತರುತ್ತದೆ.

ಹಾಗಾಗಿ ಯಾವ ದಾರಿ ಹಿಡಿದರೂ ತೂಕದ ಪುಸ್ತಕ ಇರಲೇಬೇಕು. ಅರ್ಧ ಗಂಟೆಗೊಮ್ಮೆ ಸಾಲಾಗಿ ಬಂದ ಹತ್ತು ಪ್ಯಾಕೆಟ್ ತೂಗಿ ಬರೆಯುವುದು. ಖಾಲಿ ಪ್ಯಾಕೆಟ್ಟಿನ ತೂಕ ಕಳೆಯುವುದನ್ನು ಮರೆಯಬಾರದು. ನೂರು ಗ್ರಾಂನ ಲ್ಯಾಮಿನೇಟ್ ಪ್ಯಾಕೆಟ್ಟೇ ಎರಡು ಮೂರು ಗ್ರಾಂ ತೂಗುತ್ತದೆ, ಅದನ್ನು ಕಳೆಯದೆ ನೂರು ಕಂಡು ಸಮಾಧಾನಪಟ್ಟರೆ ಗ್ರಾಹಕರಿಗೆ ಕಡಿಮೆ ಕೊಟ್ಟಂತೆ. ಪುಡಿಯನ್ನು ಪೂರ್ತಿ ಆರಿಸಿದ ಮೇಲೆಯೇ ಹಾಪರ್‌ಗೆ ಹಾಕುವುದು, ಹಾಪರ್‌ನ ಮಟ್ಟವನ್ನು ಒಂದೇ ತೆರನಾಗಿ ಇಟ್ಟುಕೊಳ್ಳುವುದು, ಈ ಎರಡರಿಂದಲೇ ಏರಿಳಿತ ಬಹುಪಾಲು ಹಿಡಿತಕ್ಕೆ ಬರುತ್ತದೆ. ಆರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಿಸಿ ಪುಡಿಯನ್ನು ಮುಚ್ಚಿದರೆ ಒಳಗೆ ಆವಿ ನೀರಾಗಿ, ಅಂಗಡಿಯ ಕಪಾಟಿನಲ್ಲಿ ಪುಡಿ ಗಂಟು ಕಟ್ಟಿ ಬೂಸ್ಟು ಹಿಡಿಯುತ್ತದೆ.

ಸೀಲ್ ಇನ್ನೊಂದು ದುರ್ಬಲ ಜಾಗ. ನುಣ್ಣನೆಯ ಪುಡಿ ಬೀಳುವಾಗ ಎದ್ದ ಧೂಳು ಫಿಲ್ಮ್‌ನ ಒಳಮೈಗೆ ಅಂಟಿ, ದವಡೆ ಒತ್ತುವ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಸೀಲ್ ಚೆನ್ನಾಗಿಯೇ ಕಾಣುತ್ತದೆ. ಪ್ಯಾಕೆಟ್ಟನ್ನು ಬಕೆಟ್ ನೀರಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿದರೆ ಗುಳ್ಳೆ ಬರುತ್ತದೆ, ಸೀಲ್ ಸುಲಿದು ನೋಡಿದರೆ ನಡುವೆ ಪುಡಿಯ ಕೆಂಪು ಗೆರೆ ಕಾಣುತ್ತದೆ. ಆಗರ್ ನಿಂತ ಮೇಲೂ ಪುಡಿ ಸೋರುತ್ತಿದೆಯೇ, ದವಡೆಯ ಮೇಲಿನ ಟೆಫ್ಲಾನ್ ಸವೆದಿದೆಯೇ, ವೋಲ್ಟೇಜ್ ಬಿದ್ದು ಶಾಖ ಇಳಿದಿದೆಯೇ ಎಂದು ಆಗ ನೋಡಬೇಕು. ಸ್ವಂತ ಮಷಿನ್ ಇದ್ದರೆ ಇದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಹೊರಗೆ ಮಾಡಿಸಿದರೆ ಪೆಟ್ಟಿಗೆಗಳು ಡೀಲರ್‌ನ ಗೋದಾಮು ಸೇರಿದ ಮೇಲೆ ತಿಳಿಯುತ್ತದೆ.

ಮೂರನೆಯದು ಋತು. ಮಸಾಲೆಯ ವ್ಯಾಪಾರ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮೇಲಿನ ಘಟಕ ಹಬ್ಬ, ಮದುವೆಗಳ ನಾಲ್ಕು ತಿಂಗಳು 60,000 ಪ್ಯಾಕೆಟ್ ಮಾರಿ, ಉಳಿದ ಎಂಟು ತಿಂಗಳು 20,000 ಮಾರುತ್ತದೆ ಎನ್ನಿ. ಮಷಿನ್ ಬೇಕೆಂಬ ಯೋಚನೆ ಹುಟ್ಟುವುದು ಯಾವಾಗಲೂ ಆ 60,000ದ ತಿಂಗಳಲ್ಲೇ, ಕೈ ಸಾಲದೆ ಒದ್ದಾಡುವಾಗ. ವರ್ಷದ ಒಟ್ಟು ನಾಲ್ಕು ಲಕ್ಷ ಪ್ಯಾಕೆಟ್. ಹೊರಗೆ ಮಾಡಿಸಿದರೆ 7,20,000 ರೂಪಾಯಿ. ಸ್ವಂತ ಮಷಿನ್‌ನಲ್ಲಿ ಸ್ಥಿರ ಖರ್ಚು 7,48,800, ಪ್ಯಾಕೆಟ್ಟಿನ ಖರ್ಚು 60,000, ಒಟ್ಟು 8,08,800. ವರ್ಷಕ್ಕೆ 88,800 ಹೆಚ್ಚು. ಹೀಗಾಗಿ ಮಷಿನ್‌ಗೆ ಅಡ್ವಾನ್ಸ್ ಕೊಡುವ ಮೊದಲು ಹನ್ನೆರಡು ತಿಂಗಳ ಮಾರಾಟವನ್ನು ತಿಂಗಳುವಾರು ಬರೆದು ನೋಡಬೇಕು. ಆ ಹನ್ನೆರಡು ತಿಂಗಳ ಲೆಕ್ಕ ಇಲ್ಲದವರು ಅದು ಸಿಗುವವರೆಗೆ ಹೊರಗೆ ಮಾಡಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊರಗೆ ಮಾಡಿಸುವುದಕ್ಕೂ ಅದರದೇ ಕಷ್ಟಗಳಿವೆ. ಒಂದು ಬಗೆಗೆ ಇಂತಿಷ್ಟು ಸಾವಿರ ಪ್ಯಾಕೆಟ್ಟಿಗೆ ಕಡಿಮೆ ಇದ್ದರೆ ಜಾಬ್‌ವರ್ಕ್ ಘಟಕ ಒಪ್ಪುವುದಿಲ್ಲ. ಕಾರಣ ನ್ಯಾಯವಾದದ್ದೇ. ಖಾರದ ಪುಡಿಯಿಂದ ಅರಿಸಿನಕ್ಕೆ ಬದಲಿಸಲು ಹಾಪರ್, ಆಗರ್, ಕೊಳವೆ ಬಿಚ್ಚಿ ಒರೆಸಿ ರೋಲ್ ಬದಲಿಸುವಷ್ಟರಲ್ಲಿ ಒಂದು ಗಂಟೆ ಹೋಗುತ್ತದೆ. ಹತ್ತು ಬಗೆಯ ಪುಡಿಗಳನ್ನು ಎರಡೆರಡು ಸಾವಿರ ಮಾರುವವರಿಗೆ ಈ ದಾರಿ ಒಗ್ಗುವುದಿಲ್ಲ. ಇನ್ನು ಅಲರ್ಜಿಯ ಪ್ರಶ್ನೆ. ಶೇಂಗಾ ಚಟ್ನಿ ಪುಡಿ ಓಡಿದ ಮಷಿನ್‌ನಲ್ಲೇ ನಿಮ್ಮ ಸಾಂಬಾರ್ ಪುಡಿ ಓಡಿದರೆ ಅದರಲ್ಲಿ ಶೇಂಗಾದ ಅಂಶ ಇರಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಲ್ಲಿ ಶೇಂಗಾ ಘೋಷಿಸಬೇಕಾದ ಅಲರ್ಜಿ ಪದಾರ್ಥ. ಆ ಘಟಕದಲ್ಲಿ ಮತ್ತೇನೇನು ಓಡುತ್ತದೆ ಎಂದು ಕೇಳಿ ತಿಳಿಯದಿದ್ದರೆ ನಿಮ್ಮ ಲೇಬಲ್ ಸುಳ್ಳಾಗುತ್ತದೆ. ಪ್ಯಾಕ್ ಮಾಡಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಕೂಡ ಪ್ಯಾಕೆಟ್ ಮೇಲೆ ಬರಬೇಕಾದ್ದರಿಂದ ಫಿಲ್ಮ್ ಮುದ್ರಣಕ್ಕೆ ಹೋಗುವ ಮೊದಲೇ ಘಟಕ ನಿಗದಿಯಾಗಬೇಕು. ಮುದ್ರಣದ ಸಿಲಿಂಡರುಗಳು ಬಣ್ಣಕ್ಕೊಂದರಂತೆ ಇರುತ್ತವೆ, ವಿಳಾಸವಿರುವ ಬಣ್ಣದ್ದನ್ನು ಮತ್ತೆ ಮಾಡಿಸಬೇಕಾಗುತ್ತದೆ, ಉಳಿದ ರೋಲ್ ವ್ಯರ್ಥವಾಗುತ್ತದೆ.

ಒಪ್ಪಂದದಲ್ಲಿ ಏನಿರಬೇಕು ಎಂದರೆ ಮೊದಲು ಹೇಳುವುದು ಬರುವ ಹೋಗುವ ಲೆಕ್ಕ. ಇಷ್ಟು ಕಿಲೋ ಪುಡಿ, ಇಷ್ಟು ಕಿಲೋ ಫಿಲ್ಮ್ ಹೋಯಿತು, ಇಷ್ಟು ಒಳ್ಳೆಯ ಪ್ಯಾಕೆಟ್ ಬಂತು, ಇಷ್ಟು ಪುಡಿ ಮತ್ತು ಫಿಲ್ಮ್ ಉಳಿಯಿತು, ಇಷ್ಟು ಹಾಳಾಯಿತು. ಪುಡಿಯ ನಷ್ಟ ಶೇ 1, ಫಿಲ್ಮ್‌ನದು ಶೇ 3 ಎಂಬಂತೆ ಮಿತಿ ಬರೆದು, ಮೀರಿದ್ದರ ಬೆಲೆ ಅವರ ಬಿಲ್ಲಿನಲ್ಲಿ ಕಳೆಯುವಂತಿರಬೇಕು. ಸರಾಸರಿ ತೂಕದ ಮೇಲ್ಮಿತಿಯನ್ನೂ ಬರೆಯಬೇಕು, ಉದಾಹರಣೆಗೆ 101 ಗ್ರಾಂ. ಹಣ ಕೊಡುವುದು ಒಳ್ಳೆಯ ಪ್ಯಾಕೆಟ್ಟಿಗೆ ಮಾತ್ರ, ಕತ್ತರಿಸಿ ಬಿದ್ದದ್ದಕ್ಕೆಲ್ಲ ಅಲ್ಲ. ಪಾಕದ ಗುಟ್ಟು ಹೋಗುತ್ತದೆಂಬ ಭಯಕ್ಕೆ ಪರಿಹಾರ ಸರಳ: ಬೆರೆಸುವ ಕೆಲಸವನ್ನು ನಿಮ್ಮಲ್ಲೇ ಮುಗಿಸಿ ಸಿದ್ಧ ಪುಡಿಯನ್ನಷ್ಟೇ ಕಳಿಸುವುದು. ಜಿಎಸ್‌ಟಿ ನೋಂದಣಿ ಇರುವವರು ಡೆಲಿವರಿ ಚಲನ್ ಮೇಲೆ ತೆರಿಗೆ ಕಟ್ಟದೆ ಪುಡಿ ಕಳಿಸಬಹುದು, ಅದು ಒಂದು ವರ್ಷದೊಳಗೆ ಮರಳಿರಬೇಕು.

ಇವೆರಡರ ನಡುವೆ ಇನ್ನೊಂದು ದಾರಿ ಇದೆ, ಮಷಿನ್ ಮಾರುವವರು ಅದನ್ನು ಮುಂದಾಗಿ ಹೇಳುವುದು ಕಡಿಮೆ. ಆಗರ್ ಇರುವ ಅರೆ ಆಟೊಮ್ಯಾಟಿಕ್ ಫಿಲ್ಲರ್ ಮತ್ತು ಬೆಲ್ಟ್ ಮೇಲೆ ಓಡುವ ಬ್ಯಾಂಡ್ ಸೀಲರ್. ಸಿದ್ಧ ಪೌಚನ್ನು ಒಬ್ಬರು ಬಾಯಿಗೆ ಹಿಡಿದು ತುಂಬಿಸುತ್ತಾರೆ, ಇನ್ನೊಬ್ಬರು ಸೀಲರ್‌ಗೆ ಕೊಡುತ್ತಾರೆ. ನಿಮಿಷಕ್ಕೆ ಹತ್ತು ಪ್ಯಾಕೆಟ್ ಎಂದರೂ 20,000 ಪ್ಯಾಕೆಟ್ ತಿಂಗಳಿಗೆ 33 ಗಂಟೆಯ ಕೆಲಸ. ದೊಡ್ಡ ಮಷಿನ್‌ನ ಬೆಲೆಯ ಒಂದು ಸಣ್ಣ ಪಾಲಿಗೆ ಇವೆರಡೂ ಬರುತ್ತವೆ, ವಿಶೇಷ ಆಪರೇಟರ್ ಬೇಡ, ಬಗೆ ಬದಲಿಸುವುದು ಸುಲಭ. ಸಿದ್ಧ ಪೌಚ್ ರೋಲ್‌ಗಿಂತ ದುಬಾರಿ, ಅದೇ ಇದರ ಮಿತಿ. ಹತ್ತು ಬಗೆಯ ಸಣ್ಣ ಸಣ್ಣ ಲಾಟ್ ಇರುವವರಿಗೆ, ಆರ್ಡರ್ ಏರಿದ ತಿಂಗಳಲ್ಲಿ ಹೆಚ್ಚು ಓಡುವ ಒಂದೆರಡು ಬಗೆಯನ್ನು ಹೊರಗೆ ಕಳಿಸಿ ಉಳಿದದ್ದನ್ನು ಇದರಲ್ಲಿ ತುಂಬುವುದು ಬಹಳ ಹೊಂದುತ್ತದೆ.

ತಿಂಗಳಿಗೆ 50,000 ದಾಟಿ, ಎಂಟು ಹತ್ತು ತಿಂಗಳು ಅದು ಇಳಿಯದೆ ನಿಂತಿದ್ದರೆ ದೊಡ್ಡ ಮಷಿನ್‌ಗೆ ಹೋಗಬಹುದು. ಬೆಂಗಳೂರಿನದೋ, ಕೊಯಮತ್ತೂರಿನದೋ, ಫರಿದಾಬಾದ್‌ನದೋ ಎಂದು ಆರಿಸುವಾಗ ಬೆಲೆಯ ವ್ಯತ್ಯಾಸಕ್ಕಿಂತ, ಸೆನ್ಸರ್ ಕೆಟ್ಟರೆ ಮೆಕ್ಯಾನಿಕ್ ಎಷ್ಟು ದಿನಕ್ಕೆ ಬರುತ್ತಾನೆ ಎಂದು ಕೇಳಬೇಕು. ಹೀಟರ್, ಶಾಖ ಅಳೆಯುವ ಥರ್ಮೊಕಪಲ್, ಬ್ಲೇಡ್, ಟೆಫ್ಲಾನ್, ಬೆಲ್ಟ್, ಸೊಲೆನಾಯ್ಡ್ ವಾಲ್ವ್ ಒಂದು ಜೊತೆ ಹೆಚ್ಚಿಗೆ ಮಷಿನ್ ಜೊತೆಗೇ ಬರುವಂತೆ ಆರ್ಡರ್‌ನಲ್ಲಿ ಬರೆಸಬೇಕು. ತಯಾರಕರ ಶೆಡ್‌ಗೆ ನಿಮ್ಮದೇ ಪುಡಿ, ನಿಮ್ಮದೇ ಮುದ್ರಿತ ರೋಲ್ ಒಯ್ದು ಎರಡು ಗಂಟೆ ನಿಲ್ಲದೆ ಓಡಿಸಿ ನೋಡಬೇಕು. ಅವರು ತೋರಿಸುವುದು ಸಕ್ಕರೆಯನ್ನೋ ರವೆಯನ್ನೋ, ಅದು ಸರಾಗವಾಗಿ ಉದುರುತ್ತದೆ. ಹುರಿದ ಕೊಬ್ಬರಿಯ ಎಣ್ಣೆ ಬಿಡುವ ನಿಮ್ಮ ಪುಡಿ ಆಗರ್‌ಗೆ ಅಂಟುತ್ತದೆಯೇ ಎಂದು ಅಲ್ಲಿಯೇ ತಿಳಿಯಬೇಕು. ಆ ಎರಡು ಗಂಟೆಯಲ್ಲಿ ಸಾಲಾಗಿ ಬಂದ ಐವತ್ತು ಪ್ಯಾಕೆಟ್ ತೂಗಿ, ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ನಡುವಿನ ಅಂತರ ಬರೆದುಕೊಳ್ಳಿ. ಅಂತರ ಮೂರು ಗ್ರಾಂ ಒಳಗಿದ್ದರೆ ಆ ಮಷಿನ್ ನಿಮ್ಮ ಪುಡಿಗೆ ಒಗ್ಗಿದೆ, ಏಳೆಂಟು ಗ್ರಾಂ ಇದ್ದರೆ ಅದು ತಿಂಗಳು ತಿಂಗಳೂ ನಿಮ್ಮ ಪುಡಿಯನ್ನು ಪುಕ್ಕಟೆ ಹಂಚುತ್ತದೆ. ಬೆಲೆಯ ಶೇ 10ನ್ನು ತಡೆಹಿಡಿದು, ಮಷಿನ್ ನಿಮ್ಮ ಊರಿನಲ್ಲಿ ನಿಮ್ಮ ಕರೆಂಟಿನ ಮೇಲೆ 5,000 ಪ್ಯಾಕೆಟ್ಟನ್ನು ಇದೇ ಅಂತರದೊಳಗೆ ತುಂಬಿದ ಮೇಲೆ ಕೊಡುತ್ತೇವೆ ಎಂದು ಪರ್ಚೇಸ್ ಆರ್ಡರ್‌ನಲ್ಲೇ ಸೇರಿಸಿ. ಅಡ್ವಾನ್ಸ್ ಕೊಟ್ಟ ಮೇಲೆ ಈ ಷರತ್ತನ್ನು ಯಾರೂ ಒಪ್ಪುವುದಿಲ್ಲ.